ಮೆಣಸಿನ ಹೇರು, ಸಂಚಕಾರದ ಉಂಗುರ: ಬಳ್ಳಿಗಾವೆಯ ಸಂತೆಯ ಒಂದು ವ್ಯಾಜ್ಯ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ನಿಮಗೆ ಒಂದು ಕಥೆ ಹೇಳುತ್ತೇನೆ. ಕಥೆ ನಾನೇ ಕಟ್ಟಿದ್ದು. ಅದರಲ್ಲಿ ಬರುವ ಸೆಟ್ಟಿ, ವ್ಯಾಜ್ಯ ತೀರಿಸುವ ಧರ್ಮಾಧಿಕಾರಿ, ಗದ್ಯಾಣ ಎಂಬ ಚಿನ್ನದ ನಾಣ್ಯದ ಲೆಕ್ಕ ಎಲ್ಲವೂ ಕಲ್ಪನೆ. ಆದರೆ ಧರ್ಮಾಧಿಕಾರಿಯ ಬಾಯಲ್ಲಿ ಬರುವ ನಿಯಮಗಳು ಒಂದೂ ನನ್ನವಲ್ಲ. ಅವೆಲ್ಲ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ, ಅವನು ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಇಲ್ಲವೇ ಆ ಕಾಲದ ಪಂಡಿತರು ಪ್ರಮಾಣವೆಂದು ಒಪ್ಪಿದ್ದ ನಾರದ, ಕಾತ್ಯಾಯನ ಎಂಬ ಸ್ಮೃತಿಕಾರರ ವಚನಗಳಲ್ಲಿ ಇವೆ. ಮಿತಾಕ್ಷರ ಎಂದಕೂಡಲೇ ನಮ್ಮ ವಕೀಲರಿಗೆ ಆಸ್ತಿ ಪಾಲು, ಅವಿಭಕ್ತ ಕುಟುಂಬ ಇಷ್ಟೇ ನೆನಪಾಗುತ್ತದೆ. ಇಂಗ್ಲಿಷರ ಕೋರ್ಟುಗಳು ಆ ಭಾಗವನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬದಿಗಿಟ್ಟದ್ದರ ಫಲ ಅದು. ಅದೇ ಪುಸ್ತಕದಲ್ಲಿ ಕೊಂಡವನು, ಮಾರಿದವನು, ಮುಂಗಡ, ತಡ, ನಷ್ಟ ಇವುಗಳ ಬಗ್ಗೆ ಇರುವ ಪುಟಗಳನ್ನು ಓದಿದರೆ ಸಂತೆಯ ಗದ್ದಲವೇ ಕೇಳಿಸುತ್ತದೆ.

ಕಾಲ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ ಎಂದಿಟ್ಟುಕೊಳ್ಳಿ, 1076ರಿಂದ 1126ರ ನಡುವೆ. ಊರು ಬಳ್ಳಿಗಾವೆ, ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಅಂದಿನ ಬನವಾಸಿ ಪನ್ನಿರ್ಚ್ಛಾಸಿರ ಎಂಬ ನಾಡಿನ ರಾಜಧಾನಿ. ಮಲೆನಾಡಿನ ಮೆಣಸು ಬಯಲಿಗೆ ಇಳಿಯುವ ದಾರಿಯಲ್ಲಿರುವ ಪಟ್ಟಣ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಬಣಂಜು ವ್ಯಾಪಾರಿಗಳು ಓಡಾಡುತ್ತಿದ್ದ ಪ್ರದೇಶ. ಅವರ ಶಾಸನಗಳಲ್ಲಿ ಸ್ವದೇಶಿ, ಪರದೇಶಿ ಎಂಬ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಪರದೇಶಿ ಎಂದರೆ ಆಗ ದಿಕ್ಕಿಲ್ಲದವನಲ್ಲ, ಹೊರನಾಡಿಂದ ಬಂದ ವ್ಯಾಪಾರಿ. ನಮ್ಮ ಕಥೆಯ ಕೊಳ್ಳುವವನು ಲಾಳದೇಶದವನು, ಅಂದರೆ ದಕ್ಷಿಣ ಗುಜರಾತಿನ ಕಡೆಯವನು. ಲಾಳದ ವ್ಯಾಪಾರಿಗಳು 1204ರ ಬೆಳಗಾವಿ ಶಾಸನದಲ್ಲಿ ಕಾಣಿಸುತ್ತಾರೆ. ಹಾಗಾಗಿ ಅವನನ್ನು ಇಲ್ಲಿಗೆ ಕರೆತರುವುದು ದೂರದ ಕಲ್ಪನೆಯೇನಲ್ಲ.

ವ್ಯಾಜ್ಯ ಇಷ್ಟು. ಪುಷ್ಯಮಾಸದಲ್ಲಿ ಊರಿನ ಸೆಟ್ಟಿಯೊಬ್ಬನಿಂದ ಪರದೇಶಿ ನಲವತ್ತು ಹೇರು ಮೆಣಸು ಕೊಳ್ಳುವ ಮಾತಾಯಿತು. ಹೇರು ಎಂದರೆ ಒಂದು ಎತ್ತಿನ ಬೆನ್ನ ಮೇಲಿನ ಹೊರೆ. ಹೇರಿಗೆ ಐದು ಗದ್ಯಾಣ. ಇಪ್ಪತ್ತು ಹೇರಿನ ಪೂರ್ತಿ ಬೆಲೆ, ನೂರು ಗದ್ಯಾಣ, ಅವನು ಅಂದೇ ಎಣಿಸಿ ಕೊಟ್ಟ. ಉಳಿದ ಇಪ್ಪತ್ತಕ್ಕೆ ಕೈಲಿ ಹಣವಿರಲಿಲ್ಲ. ಬೆರಳಿನ ಉಂಗುರ ತೆಗೆದು ಸಂಚಕಾರವಾಗಿ, ಅಂದರೆ ಮಾತು ಗಟ್ಟಿಯಾಗಲೆಂದು ಇಡುವ ಮುಂಗಡವಾಗಿ, ಕೊಟ್ಟ. ಉಂಗುರದ ಬೆಲೆ ಐದು ಗದ್ಯಾಣ. ಚೈತ್ರದ ಹುಣ್ಣಿಮೆಗೆ ಎತ್ತು ತರುತ್ತೇನೆ, ಮೆಣಸು ತೂಗಿ ಕೊಡು ಎಂದು ಒಪ್ಪಂದ. ಚೈತ್ರದ ಹೊತ್ತಿಗೆ ಸಂತೆಯಲ್ಲಿ ಮೆಣಸಿನ ಧಾರಣೆ ಆರಕ್ಕೆ ಏರಿತು. ಸೆಟ್ಟಿ ‘ನಾಳೆ, ನಾಡಿದ್ದು’ ಎನ್ನತೊಡಗಿದ. ಹದಿನೈದು ದಿನ ಕಳೆಯುವಷ್ಟರಲ್ಲಿ ಅಕಾಲದ ಮಳೆ ಹೊಡೆದು, ಮಳಿಗೆಯ ಮಾಡು ಸೋರಿ, ಹತ್ತು ಹೇರು ಮೆಣಸಿಗೆ ಬೂಸಲು ಹಿಡಿಯಿತು. ಪರದೇಶಿ ಧರ್ಮಾಧಿಕಾರಿಯ ಮುಂದೆ ಹೋದ.

ಸಭೆಯ ಚಿತ್ರ ಕಣ್ಣ ಮುಂದೆ ಇರಲಿ. ಧರ್ಮಾಧಿಕಾರಿಯ ಜೊತೆ ಸಭ್ಯರು, ಅಂದರೆ ವಿಚಾರಣೆಗೆ ನೆರವಾಗುವ ಸಭೆಯ ಸದಸ್ಯರು, ಕೂತಿದ್ದಾರೆ. ಪಕ್ಕದಲ್ಲಿ ಕೆಲವು ವ್ಯಾಪಾರಿಗಳೂ ಇದ್ದಾರೆ. ಒಳ್ಳೆಯ ಕುಲ, ಶೀಲ, ವಯಸ್ಸು ಇರುವ, ಹೊಟ್ಟೆಕಿಚ್ಚಿಲ್ಲದ ಕೆಲವು ವಣಿಜರು ಸಭೆಯಲ್ಲಿರಬೇಕು ಎಂಬ ಕಾತ್ಯಾಯನನ ವಚನ ಇದಕ್ಕೆ ಆಧಾರ. ಮೆಣಸಿನ ಧಾರಣೆ ಗೊತ್ತಿಲ್ಲದ ಪಂಡಿತ ಮೆಣಸಿನ ವ್ಯಾಜ್ಯ ತೀರಿಸುವುದು ಹೇಗೆ? ಇವರು ಯಾಕೆ ಬೇಕಾಗುತ್ತಾರೆ ಎಂಬುದು ಕೊನೆಯ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಪರದೇಶಿ ಹೇಳಿದ್ದನ್ನು ಲೇಖಕ ಮೊದಲು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ತಪ್ಪು ತಿದ್ದಿದ ಮೇಲೆಯೇ ಓಲೆಗೆ ಏರಿಸುವುದು. ವರ್ಷ, ಮಾಸ, ಪಕ್ಷ, ದಿನ, ಹೆಸರು ಎಲ್ಲ ಸೇರಿಸಿ, ಎದುರಾಳಿಯ ಕಣ್ಣೆದುರಿಗೇ ಬರೆಯಬೇಕು. ಬರೆದದ್ದನ್ನು ಓದಿದ ಮೇಲೆ ಧರ್ಮಾಧಿಕಾರಿ ಸೆಟ್ಟಿಯ ಕಡೆ ತಿರುಗಿದ.

“ಸೆಟ್ಟರೇ, ಕೇಳಿದಿರಲ್ಲ. ನಿಮ್ಮ ಉತ್ತರ ಏನು?”

“ಸ್ವಾಮಿ, ಇವರು ಹೇಳುವಷ್ಟು ಹಣ ನನಗೆ ಬಂದಿಲ್ಲ. ಅರ್ಧಕ್ಕೆ ಬಂದಿದೆ. ಇನ್ನರ್ಧಕ್ಕೆ ಬರೀ ಉಂಗುರ. ಅದೂ ಅಲ್ಲದೆ ಇವರು ಹೇಳಿದ ದಿನಕ್ಕೆ ಬರಲೂ ಇಲ್ಲ. ಮೇಲಾಗಿ ಮಳೆ ಬಂದು ಮಾಲು ಹಾಳಾಯಿತು. ದೈವ ಮಾಡಿದ್ದಕ್ಕೆ ನಾನೇನು ಮಾಡಲಿ?”

“ಒಂದೇ ಉಸಿರಿಗೆ ಎಷ್ಟು ಮಾತು ಸೆಟ್ಟರೇ! ಒಂದು ಕಡೆ ಒಪ್ಪುತ್ತೀರಿ, ಇನ್ನೊಂದು ಕಡೆ ಅಲ್ಲಗಳೆಯುತ್ತೀರಿ, ಮತ್ತೊಂದು ಕಡೆ ಕಾರಣ ಹೇಳುತ್ತೀರಿ. ಇದು ಉತ್ತರ ಅನ್ನಿಸಿಕೊಳ್ಳುವುದಿಲ್ಲ. ಬಿಡಿಸಿ ಹೇಳಿ.”

ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ಪ್ರಕಾರ ಮಿತಾಕ್ಷರದ ವ್ಯವಹಾರ ಭಾಗದಲ್ಲಿ ಅತ್ಯಂತ ಚುರುಕಾದ ಜಾಗ ಇದು. ಪ್ರತಿವಾದಿಯ ಉತ್ತರ ನಾಲ್ಕು ಬಗೆ: ‘ಹೌದು’ ಎಂದು ಒಪ್ಪುವುದು, ‘ಸುಳ್ಳು’ ಎಂದು ಅಲ್ಲಗಳೆಯುವುದು, ‘ಹೌದು, ಆದರೆ’ ಎಂದು ಕಾರಣ ಹೇಳುವುದು, ‘ಈ ವ್ಯಾಜ್ಯದಲ್ಲಿ ನಾನು ಹಿಂದೆಯೇ ಗೆದ್ದಿದ್ದೇನೆ’ ಎನ್ನುವುದು. ಎಲ್ಲವನ್ನೂ ಕಲಸಿ ಹೇಳಿದರೆ ಅದು ಉತ್ತರವೇ ಅಲ್ಲ. ಯಾಕೆಂದರೆ ಯಾರು ಸಾಧಿಸಿ ತೋರಿಸಬೇಕು ಎಂಬುದು ಉತ್ತರದ ಬಗೆಯ ಮೇಲೆ ನಿಂತಿದೆ. ‘ಸುಳ್ಳು’ ಎಂದರೆ ಸಾಧಿಸುವ ಹೊರೆ ವಾದಿಯದು. ‘ಹೌದು, ಆದರೆ’ ಎಂದರೆ ಹೊರೆ ಪ್ರತಿವಾದಿಯ ಹೆಗಲಿಗೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹೇಳಿದರೆ ಸಭೆಗೆ ಯಾರ ಸಾಕ್ಷಿಯನ್ನು ಕರೆಯಬೇಕು ಎಂಬುದೇ ತಿಳಿಯುವುದಿಲ್ಲ. ಹಾಗೆಂದು ವಿಜ್ಞಾನೇಶ್ವರ ಬಾಗಿಲು ಮುಚ್ಚಿಬಿಡುವುದಿಲ್ಲ. ಕಲಸಿದ್ದನ್ನು ಬೇರೆ ಮಾಡಿ, ಒಂದಾದ ಮೇಲೆ ಒಂದನ್ನು ವಿಚಾರಿಸಬಹುದು ಎನ್ನುತ್ತಾನೆ. ಇವತ್ತಿನ ಸಿವಿಲ್ ಕೋರ್ಟಿನಲ್ಲಿ ವಿವಾದಾಂಶ ರಚಿಸುವ ದಿನ ನಡೆಯುವ ಕೆಲಸವೂ ಇದೇ.

ಸಭೆಗೆ ಮರಳೋಣ.

“ನೂರು ಗದ್ಯಾಣ ಬಂತೋ ಇಲ್ಲವೋ? ಯೋಚಿಸಿ ಹೇಳಿ. ಇಲ್ಲ ಎಂದು ಹೇಳಿ ಆಮೇಲೆ ಸಾಧಿತವಾದರೆ ಅವರಿಗೆ ಕೊಡುವುದು ಒಂದು, ಅಷ್ಟೇ ಮೊತ್ತ ರಾಜಭಂಡಾರಕ್ಕೂ ಕಟ್ಟಬೇಕು.”

ಸೆಟ್ಟಿ ಸಭೆಯಲ್ಲಿ ಕೂತ ವ್ಯಾಪಾರಿಗಳ ಕಡೆ ನೋಡಿದ. ತುಟಿಯ ಅಂಚು ನಾಲಿಗೆಯಿಂದ ಸವರಿಕೊಂಡ. “ಬಂದಿದೆ ಸ್ವಾಮಿ.”

ತುಟಿಯಂಚು ಸವರಿಕೊಂಡದ್ದನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ. ಸುಳ್ಳಾಡುವವನ ಲಕ್ಷಣಗಳನ್ನು ಯಾಜ್ಞವಲ್ಕ್ಯ ಎಣಿಸುತ್ತಾನೆ: ನಿಂತಲ್ಲಿ ನಿಲ್ಲುವುದಿಲ್ಲ, ತುಟಿಯಂಚು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖ ಬಣ್ಣ ಕೆಡುತ್ತದೆ. ಆದರೆ ಇವು ಅನುಮಾನ ಹುಟ್ಟಿಸಬಹುದೇ ಹೊರತು ತೀರ್ಪಿಗೆ ಸಾಲವು ಎಂದು ವ್ಯಾಖ್ಯಾನಕಾರ ಎಚ್ಚರಿಸುತ್ತಾನೆ. ಸೆಖೆಗೂ ಹಣೆ ಬೆವರುತ್ತದಲ್ಲ.

“ಸರಿ, ಅದು ಒಪ್ಪಿದ ಮಾತಾಯಿತು. ದಿನಕ್ಕೆ ಸರಿಯಾಗಿ ಬರಲಿಲ್ಲ ಎಂದಿರಿ.”

“ಹೌದು ಸ್ವಾಮಿ. ಹುಣ್ಣಿಮೆ ಕಳೆದ ಮೇಲೆ ಬಂದರು. ಸಂಚಕಾರ ಕೊಟ್ಟವನು ಹೊತ್ತಿಗೆ ಸರಿಯಾಗಿ ಬರದಿದ್ದರೆ ಉಂಗುರ ನನ್ನದಾಯಿತು, ಮಾಲಿನ ಹಂಗೂ ಹರಿಯಿತು. ಇದು ಸಂತೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.”

“ನಿಯಮ ನೀವು ಹೇಳಿದ ಹಾಗೆಯೇ ಇದೆ. ಆದರೆ ಇದು ನೀವು ಹೇಳುವ ಕಾರಣ. ಸಾಧಿಸಬೇಕಾದವರು ನೀವೇ. ಸಾಕ್ಷಿ ಯಾರು?”

“ನಮ್ಮ ಲೆಕ್ಕ ಬರೆಯುವವನು ಇದ್ದ.”

“ಒಬ್ಬನೇ?”

“ಒಬ್ಬನೇ.”

“ಕಡಿಮೆಯೆಂದರೂ ಮೂರು ಸಾಕ್ಷಿ ಬೇಕು ಸೆಟ್ಟರೇ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಧರ್ಮ ಬಲ್ಲ ಒಬ್ಬನ ಮಾತು ನಡೆಯುತ್ತದೆ.” ಧರ್ಮಾಧಿಕಾರಿ ಪರದೇಶಿಯನ್ನು ಕೇಳಿದ. “ಇವರ ಸಂಬಳ ತಿನ್ನುವವನು. ಇವನ ಮಾತಿಗೆ ಒಪ್ಪುತ್ತೀರಾ? ಒಪ್ಪದಿದ್ದರೆ ಅವನ ಮಾತು ಇಲ್ಲಿ ನಿಲ್ಲುವುದಿಲ್ಲ.”

ಪರದೇಶಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: “ಒಪ್ಪುತ್ತೇನೆ. ಪುಷ್ಯಮಾಸದಲ್ಲಿ ಆ ಲೆಕ್ಕದವರು ನನ್ನ ನಾಣ್ಯ ಎಣಿಸುವಾಗ ಒಂದು ಹೆಚ್ಚಿಗೆ ಬಂದಿತ್ತು. ಕೂಡಲೇ ವಾಪಸು ಕೊಟ್ಟರು.”

ಲೆಕ್ಕ ಬರೆಯುವವನನ್ನು ಕರೆಸಿದರು. ಅವನು ಯಜಮಾನನ ಮುಖ ನೋಡದೆ ಹೇಳಿದ: “ಹುಣ್ಣಿಮೆಯ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಇವರ ಎತ್ತುಗಳು ಬಂದವು ಸ್ವಾಮಿ. ಇವರು ಮೆಣಸು ಕೇಳಿದರು. ನಾಳೆ ಬಾ ಎಂದು ಹೇಳಿ ಕಳಿಸಲು ನನಗೆ ಅಪ್ಪಣೆಯಾಯಿತು.”

ಉಪನ್ಯಾಸದ ದಿನ ಇಲ್ಲಿಗೆ ಬಂದಾಗ ಸಭಿಕರೊಬ್ಬರು ಕೇಳಿದರು: ಅವನು ಯಜಮಾನನ ಪರವಾಗಿ ಸುಳ್ಳು ಹೇಳಿದ್ದರೆ? ಆಗ ಪರದೇಶಿ ಉಂಗುರದ ಭಾಗವನ್ನು ಸೋಲುತ್ತಿದ್ದ. ಒಪ್ಪಿಗೆ ಕೊಟ್ಟು ತಾನೇ ಅಪಾಯ ಮೈಮೇಲೆ ಎಳೆದುಕೊಂಡಿದ್ದ. ಸುಮ್ಮನಿದ್ದಿದ್ದರೆ ಸೆಟ್ಟಿಯ ಬಳಿ ಬೇರೆ ಸಾಕ್ಷಿಯಿಲ್ಲ, ಓಲೆಯಿಲ್ಲ, ಸೋಲುತ್ತಿದ್ದದ್ದು ಸೆಟ್ಟಿಯೇ. ಹಾಗಾದರೆ ಯಾಕೆ ಒಪ್ಪಿದ ಎಂದರೆ ಅವನಿಗೆ ಇನ್ನೊಂದು ಪ್ರಶ್ನೆಗೂ ಈ ಸಾಕ್ಷಿ ಬೇಕಿತ್ತು. ತಾನು ಮಾಲನ್ನು ಬಾಯಿಬಿಟ್ಟು ಕೇಳಿದ್ದೆ ಎಂಬುದನ್ನು ಯಾರಾದರೂ ಹೇಳಬೇಕಿತ್ತು. ಅದು ಎಷ್ಟು ಮುಖ್ಯ ಎಂಬುದು ಈಗ ಬರುತ್ತದೆ. ಇನ್ನು, ಕಾದ ಕಬ್ಬಿಣ ಹಿಡಿಸುವ, ತಕ್ಕಡಿಯಲ್ಲಿ ಕೂರಿಸುವ ದಿವ್ಯಗಳೆಂಬ ಸತ್ಯಪರೀಕ್ಷೆಗಳ ಬಗ್ಗೆಯೂ ಒಬ್ಬರು ಕೇಳಿದರು. ಓಲೆ, ಸ್ವಾಧೀನದಲ್ಲಿಟ್ಟು ಅನುಭವಿಸಿದ ಭೋಗ, ಸಾಕ್ಷಿ ಈ ಮೂರೂ ಇಲ್ಲದಾಗ ಮಾತ್ರ ದಿವ್ಯದ ಮಾತು. ಇಲ್ಲಿ ಸಾಕ್ಷಿ ಸಿಕ್ಕಿದೆ.

“ಇನ್ನು ಮಳೆ,” ಎಂದ ಧರ್ಮಾಧಿಕಾರಿ.

“ಸ್ವಾಮಿ, ಇದನ್ನಾದರೂ ಕೇಳಿ. ಬೂಸಲು ಹಿಡಿದ ಹತ್ತು ಹೇರೂ ಇವರ ಚೀಲಗಳೇ. ಪುಷ್ಯದಲ್ಲಿ ಹಣ ಕೊಟ್ಟಾಗ ಇವರೇ ಆರಿಸಿ, ತಮ್ಮ ಮುದ್ರೆ ಒತ್ತಿ ಹೋಗಿದ್ದರು. ಬೆಲೆ ಕೊಟ್ಟ ಮೇಲೆ ಮಾಲು ಇವರದು. ಇವರ ಮಾಲಿಗೆ ಮಳೆ ಬಿದ್ದರೆ ಅದು ಇವರ ದೈವ.”

“ಮಳೆ ಯಾವತ್ತು ಬಂತು?”

“ಹುಣ್ಣಿಮೆ ಕಳೆದು ಹತ್ತನೆಯ ದಿನ.”

“ಇವರು ಕೇಳಿದ್ದು ಹುಣ್ಣಿಮೆಯ ದಿನ. ಅಂದೇ ಕೊಟ್ಟಿದ್ದರೆ ಹತ್ತನೆಯ ದಿನ ಆ ಚೀಲಗಳು ಎಲ್ಲಿರುತ್ತಿದ್ದವು?”

ಸೆಟ್ಟಿ ಮಾತಾಡಲಿಲ್ಲ.

“ರಾಜನಿಂದಲೋ ದೈವದಿಂದಲೋ ಮಾಲು ಕೆಟ್ಟರೆ, ಕೇಳಿದಾಗ ಕೊಡದವನದೇ ನಷ್ಟ. ಮುದ್ರೆ ಯಾರದಾದರೂ ಸರಿ. ಇಪ್ಪತ್ತು ಹೇರನ್ನು ನಿಮ್ಮ ಒಳ್ಳೆಯ ಮೆಣಸಿನಿಂದ ತುಂಬಿ ಕೊಡಿ. ಬೂಸಲು ಹಿಡಿದದ್ದನ್ನು ನೀವೇ ಇಟ್ಟುಕೊಳ್ಳಿ.”

“ಅವರೇ ಬರದೆ ಇದ್ದಿದ್ದರೆ?”

“ಆಗ ಮಾತು ತಿರುಗುತ್ತಿತ್ತು. ಕೊಂಡವನು ಮಾಲು ಎತ್ತಲು ಬರದಿದ್ದರೆ ನೀವು ಇನ್ನೊಬ್ಬರಿಗೆ ಮಾರಬಹುದಿತ್ತು. ಅವನ ತಪ್ಪಿನಿಂದ ಆದ ನಷ್ಟ ಅವನದೇ ಆಗುತ್ತಿತ್ತು. ಅದಕ್ಕೇ ಅವರು ಯಾವತ್ತು ಬಂದರು ಎಂದು ಅಷ್ಟು ಹೊತ್ತು ಕೇಳಿದ್ದು.”

ವಕೀಲ ಮಿತ್ರರಿಗೆ ಇದು ಪರಿಚಿತ ದನಿ. 1930ರ ಸರಕು ಮಾರಾಟ ಕಾಯಿದೆಯ 26ನೇ ಕಲಂ ತೆಗೆದು ನೋಡಿ. ಒಡೆತನದ ಜೊತೆ ಅಪಾಯವೂ ಸಾಗುತ್ತದೆ ಎಂದು ಮೊದಲು ಹೇಳಿ, ಒಬ್ಬನ ತಪ್ಪಿನಿಂದ ಮಾಲು ತಲುಪಿಸುವುದು ತಡವಾದರೆ, ಆ ತಪ್ಪು ಇಲ್ಲದಿದ್ದರೆ ಆಗದೇ ಇರಬಹುದಾಗಿದ್ದ ನಷ್ಟ ಅವನದೇ ಎಂದು ಅದು ವಿನಾಯಿತಿ ಕೊಡುತ್ತದೆ. ಆ ಕಾಯಿದೆ ಬಂದದ್ದು ಇಂಗ್ಲೆಂಡಿನ ಮಾದರಿಯಿಂದ. ಎರಡಕ್ಕೂ ಸಂಬಂಧ ಕಟ್ಟಲು ಹೋಗಬೇಡಿ. ತಡ ಮಾಡುವ ಮಾರಾಟಗಾರ, ಸೋರುವ ಮಳಿಗೆ ಎರಡು ಕಡೆಯೂ ಇದ್ದವು, ಅಷ್ಟೇ.

ಈಗ ಕಥೆಯ ನಡುಗಂಬ. ಪರದೇಶಿಗೆ ಮೆಣಸು ಸಿಕ್ಕಿತು. ಕಾದದ್ದಕ್ಕೆ, ಕಳೆದುಕೊಂಡ ವ್ಯಾಪಾರಕ್ಕೆ ಏನು? ಯಾಜ್ಞವಲ್ಕ್ಯನ ಶ್ಲೋಕ ‘ಗೃಹೀತಮೂಲ್ಯಂ ಯಃ ಪಣ್ಯಂ’ ಎಂದು ಶುರುವಾಗುತ್ತದೆ. ಬೆಲೆ ತೆಗೆದುಕೊಂಡು ಮಾಲು ಕೊಡದವನು ಮಾಲಿನ ಜೊತೆಗೆ ಅದರ ‘ಉದಯ’ವನ್ನೂ, ಅಂದರೆ ಆ ನಡುವೆ ಹುಟ್ಟಿದ ಹೆಚ್ಚಳವನ್ನೂ ಕೊಡಬೇಕು. ಕೊಂಡವನು ಬೇರೆ ನಾಡಿಂದ ಬಂದವನಾದರೆ ಆ ನಾಡಿನಲ್ಲಿ ಸಿಗುತ್ತಿದ್ದ ಲಾಭವನ್ನು ಕೊಡಬೇಕು. ಇದಕ್ಕೆ ದಿಗ್ಲಾಭ ಎಂದು ಹೆಸರು. ನಾರದ ಇದನ್ನೇ ಇನ್ನಷ್ಟು ಬಿಡಿಸಿ ಹೇಳುತ್ತಾನೆ: ಊರಲ್ಲೇ ನಿಂತು ವ್ಯಾಪಾರ ಮಾಡುವವರಿಗೆ ಧಾರಣೆಯ ವ್ಯತ್ಯಾಸದ ಲೆಕ್ಕ, ದಿಕ್ಕು ದಿಕ್ಕು ತಿರುಗುವವರಿಗೆ ದಿಗ್ಲಾಭ.

“ಲಾಳದಲ್ಲಿ ಮೆಣಸು ಹೇಗೆ ಹೋಗುತ್ತದೆ?” ಧರ್ಮಾಧಿಕಾರಿ ಕೇಳಿದ್ದು ಪರದೇಶಿಯನ್ನಲ್ಲ, ಪಕ್ಕದಲ್ಲಿ ಕೂತ ವ್ಯಾಪಾರಿಗಳನ್ನು.

ಅವರಲ್ಲಿ ಹಿರಿಯರೊಬ್ಬರು ಹೇಳಿದರು: “ಈ ಸಲ ಎಂಟು ಗದ್ಯಾಣ. ದಾರಿಯ ಸುಂಕ, ಎತ್ತಿನ ಬಾಡಿಗೆ, ಆಳುಗಳ ಊಟ, ಎಲ್ಲ ಸೇರಿ ಹೇರಿಗೆ ಎರಡು ಕಳೆಯಿರಿ.”

“ಐದಕ್ಕೆ ಕೊಂಡದ್ದು, ಎರಡು ಖರ್ಚು. ಎಂಟರಲ್ಲಿ ಏಳು ಹೋದರೆ ಒಂದು. ಇಪ್ಪತ್ತು ಹೇರಿಗೆ ಇಪ್ಪತ್ತು ಗದ್ಯಾಣ.”

ಪರದೇಶಿ ತಕರಾರು ತೆಗೆದ: “ಸ್ವಾಮಿ, ನಾನು ಎಂಟಲ್ಲ, ಒಂಬತ್ತಕ್ಕೆ ಮಾರುವವನು.”

“ನೀವು ಹೇಗೆ ಮಾರುತ್ತೀರಿ ಎಂದು ನಾನು ಕೇಳಲಿಲ್ಲ. ಅಲ್ಲಿಯ ಸಂತೆ ಹೇಗೆ ಕೊಳ್ಳುತ್ತದೆ ಎಂದು ಇವರನ್ನು ಕೇಳಿದೆ.”

ಸೆಟ್ಟಿಗೆ ಇದು ನುಂಗಲಾರದ ತುತ್ತು. “ಮೆಣಸೂ ಕೊಟ್ಟು, ಮಾರದ ಮೆಣಸಿನ ಲಾಭವನ್ನೂ ಕೊಡುವುದೇ? ಅವರು ಈಗ ಒಯ್ದು ಮತ್ತೆ ಮಾರಿಕೊಳ್ಳುವುದಿಲ್ಲವೇ?”

ಸೆಟ್ಟಿಯ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ. ಇವತ್ತಿನ ನ್ಯಾಯಾಲಯವಾದರೆ ಮಾಲು ಕೈಗೆ ಬಂದವನಿಗೆ ತಡದಿಂದ ನಿಜವಾಗಿ ಆದ ನಷ್ಟವನ್ನಷ್ಟೇ ಕೊಡಿಸುತ್ತಿತ್ತು. ಆದರೆ ತಿರುಗಾಟದ ವ್ಯಾಪಾರದ ಲಯವನ್ನೂ ನೋಡಬೇಕು. ಮಳೆಗಾಲ ಹಿಡಿದರೆ ಹೊಳೆಗಳು ತುಂಬುತ್ತವೆ, ಹೇರಿನ ಎತ್ತು ನಡೆಯುವುದಿಲ್ಲ. ವೈಶಾಖದಲ್ಲಿ ಹೊರಟವನು ಲಾಳ ಮುಟ್ಟುವಷ್ಟರಲ್ಲಿ ಆ ವರ್ಷದ ವ್ಯಾಪಾರ ಮುಗಿದಿರಬಹುದು. ಊರಿನವನಿಗೆ ಒಂದು ವಾರ ತಡವಾದರೆ ಒಂದು ವಾರ, ಪರದೇಶಿಗೆ ಒಂದು ಋತು. ಸ್ಮೃತಿಕಾರರು ಇಬ್ಬರಿಗೂ ಬೇರೆ ಬೇರೆ ಅಳತೆ ಇಟ್ಟದ್ದು ಇದಕ್ಕೇ ಇರಬೇಕು ಎಂಬುದು ನನ್ನ ಊಹೆ. ಧರ್ಮಾಧಿಕಾರಿ ಸೆಟ್ಟಿಗೆ ಹೇಳಿದ್ದು ಇನ್ನೂ ಚಿಕ್ಕದು:

“ಇವರು ಎಲ್ಲಿಯವರು ಎಂದು ಹಣ ಎಣಿಸಿಕೊಳ್ಳುವಾಗಲೇ ನಿಮಗೆ ಗೊತ್ತಿತ್ತು.”

ಉಳಿದದ್ದು ಇನ್ನರ್ಧ, ಉಂಗುರದ ಇಪ್ಪತ್ತು ಹೇರು. ಪರದೇಶಿ ಅದಕ್ಕೂ ಮೆಣಸು, ಅದಕ್ಕೂ ದಿಗ್ಲಾಭ ಬೇಕು ಎಂದ.

“ಅದಕ್ಕೆ ನೀವು ಬೆಲೆ ಕೊಟ್ಟಿಲ್ಲ,” ಎಂದ ಧರ್ಮಾಧಿಕಾರಿ. “ಈವರೆಗೆ ಹೇಳಿದ ನಿಯಮವೆಲ್ಲ ಬೆಲೆ ಸಂದ ಮಾಲಿಗೆ. ಬೆಲೆ ಸಲ್ಲದಿದ್ದರೆ, ಬೇರೆ ಕಟ್ಟುಪಾಡು ಮಾಡಿಕೊಳ್ಳದ ಹೊರತು, ಮಾರುವವನು ಹಿಂದೆ ಸರಿದರೂ ತಪ್ಪಿಲ್ಲ.”

ಸೆಟ್ಟಿಯ ಮುಖ ಅರಳಿತು. “ಹಾಗಾದರೆ ಉಂಗುರ ಹಿಂದಿರುಗಿಸಿದರೆ ಸಾಕು.”

“ಆ ಉಂಗುರವೇ ಕಟ್ಟುಪಾಡು ಸೆಟ್ಟರೇ. ಸಂಚಕಾರ ಕೊಟ್ಟವನು ಮಾತು ತಪ್ಪಿದರೆ ಕೊಟ್ಟದ್ದನ್ನು ಬಿಡಬೇಕು. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಕೊಡಬೇಕು. ಉಂಗುರ ಕೊಡಿ, ಅದರ ಬೆಲೆಯ ಐದು ಗದ್ಯಾಣವನ್ನೂ ಕೊಡಿ. ಆ ಇಪ್ಪತ್ತು ಹೇರಿನ ಹಂಗು ಅಲ್ಲಿಗೆ ಹರಿಯಿತು.”

ಉದಾಹರಣೆಗೆ ಉಂಗುರವನ್ನು ನಾನು ಹುಡುಕಿ ತಂದದ್ದಲ್ಲ. ಈ ಶ್ಲೋಕ ವಿವರಿಸುವಾಗ ವಿಜ್ಞಾನೇಶ್ವರನೇ ‘ಉಂಗುರ ಮೊದಲಾದವು’ ಎನ್ನುತ್ತಾನೆ. ಕೊಳ್ಳುವ ಮಾರುವ ಮಾತು ಗಟ್ಟಿಯಾಗಲೆಂದು ಎದುರಿನವನ ಕೈಯಲ್ಲಿಟ್ಟದ್ದು ಎಂದು ವಿವರಿಸುತ್ತಾನೆ. ಒಂದೇ ಒಪ್ಪಂದದ ಎರಡು ಅರ್ಧಗಳಿಗೆ ಎರಡು ಬೇರೆ ಪರಿಹಾರ ಬಂದದ್ದನ್ನು ಗಮನಿಸಿ. ಪೂರ್ತಿ ಬೆಲೆ ತೆಗೆದುಕೊಂಡವನಿಗೆ ಹಿಂದೆ ಸರಿಯುವ ದಾರಿಯೇ ಇಲ್ಲ. ಬರೀ ಸಂಚಕಾರ ತೆಗೆದುಕೊಂಡವನಿಗೆ ದಾರಿ ಇದೆ, ಅದಕ್ಕೊಂದು ಸುಂಕವೂ ಇದೆ. ಆ ಸುಂಕ ಎಷ್ಟು ಎಂಬುದು ಒಪ್ಪಂದದ ದಿನವೇ ಇಬ್ಬರಿಗೂ ಗೊತ್ತು. ಇಂದಿನ ಮನೆ ಮಾರಾಟದ ಕರಾರಿನಲ್ಲಿ ‘ಮಾರುವವರು ತಪ್ಪಿದರೆ ಮುಂಗಡದ ಎರಡರಷ್ಟು’ ಎಂದು ಬರೆಸುವವರು ಇದ್ದಾರೆ. ಆದರೆ ಈಗ 1872ರ ಕರಾರು ಕಾಯಿದೆಯ 74ನೇ ಕಲಂ ಇದೆ. ಅದರ ಪ್ರಕಾರ ಬರೆದ ಮೊತ್ತವೇ ಮಿತಿ, ಅದರೊಳಗೆ ಎಷ್ಟು ನ್ಯಾಯವೋ ಅಷ್ಟನ್ನೇ ಕೋರ್ಟು ಕೊಡಿಸುತ್ತದೆ. ಬಳ್ಳಿಗಾವೆಯ ಧರ್ಮಾಧಿಕಾರಿಗೆ ಹಾಗೆ ಇಳಿಸುವ ಗೊಡವೆ ಇರಲಿಲ್ಲ.

ಲೆಕ್ಕ ಕೂಡೋಣ. ಸೆಟ್ಟಿ ಆಸೆಪಟ್ಟದ್ದು ಹೇರಿಗೆ ಒಂದರಂತೆ ನಲವತ್ತು ಗದ್ಯಾಣ. ಈಗ ಬೂಸಲು ಹಿಡಿದ ಹತ್ತು ಹೇರು ಅವನದೇ, ಸಂತೆಯ ಧಾರಣೆಯಲ್ಲಿ ಅರವತ್ತು ಗದ್ಯಾಣ ಹೋಯಿತು. ದಿಗ್ಲಾಭ ಇಪ್ಪತ್ತು, ಉಂಗುರದ ಮೇಲಿನ ಐದು. ಒಟ್ಟು ಎಂಬತ್ತೈದು. ಮಳಿಗೆಯಲ್ಲಿದ್ದ ನಲವತ್ತರಲ್ಲಿ ಒಳ್ಳೆಯದು ಮೂವತ್ತು, ಪರದೇಶಿಗೆ ಇಪ್ಪತ್ತು ಹೋದರೆ ಉಳಿದದ್ದು ಹತ್ತು. ಅದನ್ನು ಆರರ ಧಾರಣೆಗೆ ಮಾರಿದರೆ ಅಲ್ಲಿ ಹತ್ತು ಗದ್ಯಾಣ ಹೆಚ್ಚಿಗೆ ಸಿಗುತ್ತದೆ.

ಲೇಖಕ ತೀರ್ಪಿನ ಓಲೆಯಾದ ಜಯಪತ್ರ ಬರೆಯತೊಡಗಿದಾಗ ಸೆಟ್ಟಿ ಎದ್ದು ನಿಂತ.

“ಸ್ವಾಮಿ, ಇದನ್ನು ನಮ್ಮ ನಗರದ ಹಿರಿಯರ ಮುಂದೆ ಇಡುತ್ತೇನೆ. ನಮ್ಮ ಬಣಂಜು ಧರ್ಮ ನಮಗಿದೆ.”

“ನಿಮ್ಮ ಕಟ್ಟುಪಾಡನ್ನು ನಾವೂ ಕಾಯುತ್ತೇವೆ, ಧರ್ಮಕ್ಕೆ ವಿರೋಧವಿಲ್ಲದಷ್ಟು. ಮೊದಲು ಅಲ್ಲಿಗೆ ಹೋಗಿದ್ದರೆ ಅಲ್ಲಿಂದ ಇಲ್ಲಿಗೆ ಬರಬಹುದಿತ್ತು. ಬಂಧುಗಳ ಕುಲದಿಂದ ಒಂದೇ ಕಸುಬಿನವರ ಶ್ರೇಣಿಗೆ, ಶ್ರೇಣಿಯಿಂದ ಊರವರ ಪೂಗಕ್ಕೆ, ಅಲ್ಲಿಂದ ರಾಜ ನೇಮಿಸಿದ ಸಭೆಗೆ. ಮೇಲಿಂದ ಕೆಳಕ್ಕೆ ಇಳಿಯುವ ದಾರಿ ಇಲ್ಲ.”

“ಸೋತೆನೆಂದು ನನಗೆ ಅನ್ನಿಸುವುದೇ ಇಲ್ಲವಲ್ಲ.”

“ಹಾಗನ್ನಿಸಿದವರಿಗೂ ಒಂದು ದಾರಿ ಇದೆ. ನ್ಯಾಯವಾಗಿ ಸೋತವನು ಸೋತಿಲ್ಲ ಎಂದುಕೊಂಡು ಮತ್ತೆ ಬರಬಹುದು. ಮತ್ತೆ ಸೋತರೆ ದಂಡ ಎರಡರಷ್ಟು.”

ಸೆಟ್ಟಿ ಲೆಕ್ಕ ಬರೆಯುವವನ ಕಡೆ ನೋಡಿದ. ಅವನು ಆಗಲೇ ಮಳಿಗೆಯ ಬೀಗದ ಕೈ ತೆಗೆದುಕೊಂಡು, ಒಳ್ಳೆಯ ಮೆಣಸಿನ ಚೀಲ ಇಳಿಸಲು ಆಳುಗಳನ್ನು ಕರೆಯುತ್ತಿದ್ದ. ನಾನು ಸೆಟ್ಟಿಯ ವಕೀಲನಾಗಿದ್ದರೂ ಮರುವಿಚಾರಣೆ ಬೇಡ ಎಂದೇ ಹೇಳುತ್ತಿದ್ದೆ. ಅವನ ಒಬ್ಬನೇ ಸಾಕ್ಷಿ ಆಗಲೇ ಮಾತಾಡಿ ಆಗಿತ್ತು.